2007ರ ನವೆಂಬರ್ 21: ಡೌ ಥಿಯರಿಯ ಗೆರೆ ಮುರಿದದ್ದು ಯಾವ ದಿನ?

2007ರ ನವೆಂಬರ್ 21, ಬುಧವಾರ. ಮಾರನೇ ದಿನ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ. ಅರ್ಧ ವಾಲ್ ಸ್ಟ್ರೀಟ್ ಊರಿಗೆ ಹೊರಟಿದ್ದ ಆ ದಿನ ಡೌ ಜೋನ್ಸ್ ಇಂಡಸ್ಟ್ರಿಯಲ್ ಆವರೇಜ್ 211 ಅಂಶ ಇಳಿದು 12,799.04ಕ್ಕೆ ಮುಗಿಯಿತು. ಇಳಿಕೆ ಅಂಥ ದೊಡ್ಡದೇನಲ್ಲ. ಆ ವರ್ಷ ಅದಕ್ಕಿಂತ ಕೆಟ್ಟ ದಿನಗಳು ಬಂದು ಹೋಗಿದ್ದವು. ಆದರೆ ಆಗಸ್ಟ್ ತಿಂಗಳ ತಳ, ಅಂದರೆ 16ರ ಕ್ಲೋಸಿಂಗ್, 12,845.78 ಇತ್ತು. ಅದಕ್ಕಿಂತ ಬರೀ 47 ಅಂಶ ಕೆಳಗೆ ಹೋಗಿದ್ದಕ್ಕೆ, ಡೌ ಥಿಯರಿ ನಂಬುವ ಬಹಳ ಜನ ಆ ರಾತ್ರಿ ಒಂದೇ ಮಾತು ಹೇಳಿದರು: ದೊಡ್ಡ ಓಟ ತಿರುಗಿತು, ಇನ್ನು ಕರಡಿ ಕಾಲ.

ಹದಿನಾರು ತಿಂಗಳಲ್ಲಿ ಅದೇ ಸೂಚ್ಯಂಕ 6,547.05ಕ್ಕೆ ಬಂತು. ಆ ಬುಧವಾರದ ಮಟ್ಟದಿಂದ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಡೌ ಥಿಯರಿ ಪಾಠ ಮಾಡುವವರಿಗೆ ಇದು ಅಚ್ಚುಮೆಚ್ಚಿನ ಉದಾಹರಣೆ. ನನಗೂ ಇಷ್ಟ. ಆದರೆ ಇಷ್ಟವಾಗುವ ಕಾರಣ ಬೇರೆ. ಇದನ್ನೇ ಇವತ್ತಿನ ಚಾರ್ಟಿಂಗ್ ಆಪ್‌ನಲ್ಲಿ ತೆರೆದು, ಬಲಗಡೆಯ ಭಾಗ ಮುಚ್ಚಿಟ್ಟು, ಒಂದೊಂದೇ ದಿನ ಮುಂದೆ ಸರಿಸುತ್ತಾ ಹೋದರೆ, ನವೆಂಬರ್ 21 ತಾನಾಗಿ ಕಾಣಿಸುವುದೇ ಇಲ್ಲ. ಚಾರ್ಟನ್ನು ಹೇಗೆ ಇಟ್ಟುಕೊಂಡಿದ್ದೀರಿ ಅನ್ನುವುದರ ಮೇಲೆ ಬೇರೆ ಬೇರೆ ದಿನ ಕಾಣಿಸುತ್ತದೆ.

ಇದು ನನಗೆ ಗೊತ್ತಾಗಿದ್ದು ತಂಗಿ ಮಗನಿಂದ. ಅವನಿಗೆ ಈ ಪ್ರಕರಣ ತೋರಿಸಲು ಕೂತಿದ್ದೆ. ಲ್ಯಾಪ್‌ಟಾಪ್ ಪರದೆಯ ಬಲ ಅರ್ಧಕ್ಕೆ ಪೇಪರ್ ಮಡಿಸಿ ಅಡ್ಡ ಇಟ್ಟಿದ್ದೆ. ಅವನು ಆಗಸ್ಟ್ ತಿಂಗಳ ತಳಕ್ಕೆ ಒಂದು ಅಡ್ಡಗೆರೆ ಎಳೆದು, ದಿನ ಸರಿಸುತ್ತಾ ನವೆಂಬರ್ ಕೊನೆ ದಾಟಿಬಿಟ್ಟ. ನಾನು ತಡೆದೆ.

"ಮಾಮ, ಇಲ್ಲಿ ಮುರಿದೇ ಇಲ್ವಲ್ಲ," ಅಂದ.

ನೋಡಿದೆ. ಅವನ ಗೆರೆ ನಿಜವಾಗಿಯೂ ಮುರಿದಿರಲಿಲ್ಲ. ಯಾಕೆ ಅಂತ ಹೇಳುವ ಮೊದಲು ಆಟದ ನಿಯಮ ಒಂದಿಷ್ಟು ಹೇಳಬೇಕು.

ಮರಳಿನಲ್ಲಿ ನೆಟ್ಟ ಕೋಲು

ಚಾರ್ಲ್ಸ್ ಡೌ ಪತ್ರಕರ್ತ. 1884ರಲ್ಲಿ ಅವನು ಮಾಡಿದ ಮೊದಲ ಸರಾಸರಿಯಲ್ಲಿ 11 ಷೇರು ಇದ್ದವು, ಅದರಲ್ಲಿ 9 ರೈಲು ಕಂಪನಿಗಳು. ಆಗ ಷೇರುಪೇಟೆ ಅಂದರೆ ರೈಲೇ. 1896ರಲ್ಲಿ 12 ಕಾರ್ಖಾನೆ ಕಂಪನಿಗಳ ಇಂಡಸ್ಟ್ರಿಯಲ್ ಸರಾಸರಿ ಬಂತು. ರೈಲಿನದು ಬೇರೆಯಾಗಿ ನಿಂತಿತು. 1970ರಲ್ಲಿ ಅದರೊಳಗೆ ವಿಮಾನ, ಲಾರಿ ಕಂಪನಿಗಳೂ ಸೇರಿ ಟ್ರಾನ್ಸ್‌ಪೋರ್ಟೇಶನ್ ಆವರೇಜ್ ಆಯಿತು. ಡೌ 1902ರಲ್ಲಿ ತೀರಿಕೊಂಡ. ಅವನು ಬರೆದ ಸಂಪಾದಕೀಯಗಳನ್ನು ಸೇರಿಸಿ ಥಿಯರಿ ಅಂತ ಮಾಡಿದವರು ನಂತರದವರು, ಮುಖ್ಯವಾಗಿ ವಿಲಿಯಂ ಪೀಟರ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ರಿಯಾ.

ಡೌ ಕೊಟ್ಟ ಹೋಲಿಕೆ ಸಮುದ್ರದ್ದು. ಉಬ್ಬರ ಏರುತ್ತಿದೆಯಾ ಇಳಿಯುತ್ತಿದೆಯಾ ಗೊತ್ತಾಗಬೇಕಾದರೆ, ಅಲೆ ಬಂದು ಮುಟ್ಟಿದ ಜಾಗಕ್ಕೆ ಮರಳಿನಲ್ಲಿ ಒಂದು ಕೋಲು ನೆಡಿ. ಮುಂದಿನ ಅಲೆ ಕೋಲು ದಾಟಿದರೆ ಇನ್ನೂ ಏರುತ್ತಿದೆ. ಅಲೆಗಳು ಮತ್ತೆ ಮತ್ತೆ ಕೋಲಿಗಿಂತ ಕೆಳಗೇ ಸೋತು ವಾಪಸ್ ಹೋದರೆ ತಿರುಗಿದೆ. ಉಬ್ಬರ ಅಂದರೆ ಪ್ರೈಮರಿ ಟ್ರೆಂಡ್, ವರ್ಷಗಟ್ಟಲೆ ನಡೆಯುವ ದೊಡ್ಡ ಓಟ. ಅದರೊಳಗಿನ ಅಲೆ ಸೆಕೆಂಡರಿ, ವಾರಗಳಿಂದ ತಿಂಗಳುಗಳವರೆಗೆ ನಡೆಯುವ ಎದುರು ಓಟ. ನೀರಿನ ಮೇಲಿನ ಕಿರುತೆರೆ ದಿನದಿನದ ಏರಿಳಿತ. ಅದನ್ನು ಲೆಕ್ಕಕ್ಕೇ ತಗೊಳ್ಳಬಾರದು.

ಕೋಲು ಒಂದೇ ಆದರೆ ಸಾಲದು ಅನ್ನುವುದು ಈ ಥಿಯರಿಯ ವಿಶೇಷ. ಕಾರ್ಖಾನೆ ಮಾಡಿದ ಸಾಮಾನನ್ನು ಯಾರೋ ಸಾಗಿಸಬೇಕಲ್ಲ? ಕಾರ್ಖಾನೆ ಷೇರು ಏರುತ್ತಿದ್ದು, ಸಾಮಾನು ಸಾಗಿಸುವವರ ಷೇರು ಏರದಿದ್ದರೆ, ಮಾಲು ಗೋಡೌನ್‌ನಲ್ಲೇ ಬಿದ್ದಿದೆ ಅಂತ ಅನುಮಾನ ಪಡಬೇಕು. ಹಾಗಾಗಿ ಒಂದು ಸೂಚ್ಯಂಕ ತನ್ನ ಕೋಲು ದಾಟಿದರೆ, ಇನ್ನೊಂದೂ ತನ್ನ ಕೋಲು ದಾಟುವವರೆಗೆ ಕಾಯಬೇಕು. ಎರಡೂ ಒಂದೇ ದಿನ ದಾಟಬೇಕಾಗಿಲ್ಲ. ಆದರೆ ಎರಡೂ ತಾಳೆಯಾಗದೆ ತೀರ್ಮಾನ ಇಲ್ಲ.

ಇನ್ನೊಂದು ನಿಯಮ, ನಮ್ಮ ಕಥೆಗೆ ತೀರಾ ಬೇಕಾದದ್ದು: ಕ್ಲೋಸಿಂಗ್ ಬೆಲೆ ಮಾತ್ರ ಲೆಕ್ಕ. ದಿನದ ಮಧ್ಯೆ ಎಲ್ಲಿಗೆ ಹೋಗಿ ಬಂತು ಅನ್ನುವುದು ಬೇಡ.

2007ರ ಬೇಸಿಗೆಯಿಂದ ನವೆಂಬರ್‌ವರೆಗೆ

ಜುಲೈ 19ರಂದು ಎರಡೂ ಸೂಚ್ಯಂಕಗಳು ಒಟ್ಟಿಗೆ ಹೊಸ ಎತ್ತರದಲ್ಲಿ ಮುಗಿದವು. ಇಂಡಸ್ಟ್ರಿಯಲ್ಸ್ 14,000.41. ಟ್ರಾನ್ಸ್‌ಪೋರ್ಟ್ಸ್ 5,446.49. ಇದು ಗೂಳಿ ಪೇಟೆಯ ಆರೋಗ್ಯದ ಲಕ್ಷಣ, ಎರಡು ಕೋಲೂ ಒಟ್ಟಿಗೆ ದಾಟಿದ್ದು. ಅಲ್ಲಿಂದ ಮನೆ ಸಾಲದ ಗಲಾಟೆ ಶುರುವಾಗಿ ಆಗಸ್ಟ್ 16ರವರೆಗೆ ಎರಡೂ ಇಳಿದವು. ಇಂಡಸ್ಟ್ರಿಯಲ್ಸ್ ಸುಮಾರು ನಾಲ್ಕು ವಾರದಲ್ಲಿ 8 ಶೇಕಡಾ ಕಳೆದುಕೊಂಡಿತು. ಆಗಸ್ಟ್ 17ರಂದು ಅಮೆರಿಕದ ಫೆಡರಲ್ ರಿಸರ್ವ್ ಡಿಸ್ಕೌಂಟ್ ದರ ಇಳಿಸಿತು. ಪೇಟೆ ಎದ್ದು ನಿಂತಿತು.

ಅಕ್ಟೋಬರ್ 9ಕ್ಕೆ ಇಂಡಸ್ಟ್ರಿಯಲ್ಸ್ 14,164.53. ಜುಲೈ ಎತ್ತರಕ್ಕಿಂತ 164 ಅಂಶ ಮೇಲೆ, ಹೊಸ ದಾಖಲೆ. ಟ್ರಾನ್ಸ್‌ಪೋರ್ಟ್ಸ್ ಮಾತ್ರ 5,446ರ ಹತ್ತಿರಕ್ಕೂ ಬರಲಿಲ್ಲ. ಕಚ್ಚಾ ತೈಲ ನೂರು ಡಾಲರ್ ಕಡೆಗೆ ಓಡುತ್ತಿತ್ತು, ವಿಮಾನ ಮತ್ತು ಲಾರಿ ಕಂಪನಿಗಳಿಗೆ ಇಂಧನದ ಬಿಲ್ಲೇ ದೊಡ್ಡ ಹೊರೆ. ಮನೆ ಕಟ್ಟುವುದು ನಿಂತಿದ್ದರಿಂದ ಮರಮುಟ್ಟು, ಕಟ್ಟಡ ಸಾಮಗ್ರಿಗಳ ಸಾಗಾಟ ಕೂಡ ಕಡಿಮೆಯಾಗಿತ್ತು.

ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಎರಡೂ ತಾಳೆಯಾಗದಿದ್ದ ತಕ್ಷಣ ಮಾರಿಬಿಡುತ್ತಾರೆ. ತಾಳೆಯಾಗದೆ ಇರುವುದು ಎಚ್ಚರಿಕೆ ಅಷ್ಟೇ, ಮಾರುವ ಸಂಕೇತ ಅಲ್ಲ. ಸಂಕೇತ ಬರಬೇಕಾದರೆ ಎರಡೂ ಕೆಳಗಿನ ಕೋಲನ್ನು, ಅಂದರೆ ಆಗಸ್ಟ್ ತಳವನ್ನು, ಕ್ಲೋಸಿಂಗ್‌ನಲ್ಲಿ ಮುರಿಯಬೇಕು. ಟ್ರಾನ್ಸ್‌ಪೋರ್ಟ್ಸ್ ತನ್ನದನ್ನು ಮೊದಲೇ ಮುರಿದಿತ್ತು. ಇಂಡಸ್ಟ್ರಿಯಲ್ಸ್ ತಡ ಮಾಡಿ, ನವೆಂಬರ್ 21ಕ್ಕೆ ಸೇರಿಕೊಂಡಿತು. ಎತ್ತರದಿಂದ ಆಗಲೇ 9.6 ಶೇಕಡಾ ಇಳಿದಾಗಿತ್ತು. ಡೌ ಥಿಯರಿ ಯಾವತ್ತೂ ತುದಿಯಲ್ಲಿ ಮಾರಿಸುವುದಿಲ್ಲ. ತುದಿಯಿಂದ ಸಾಕಷ್ಟು ಇಳಿದ ಮೇಲೇ ಅದಕ್ಕೆ ಗೊತ್ತಾಗೋದು.

ಮೂರು ಚಾರ್ಟು, ಮೂರು ದಿನ

ಈಗ ತಂಗಿ ಮಗನ ಗೆರೆಗೆ ಬರೋಣ. ಅವನು ದಿನದ ಮಧ್ಯದ ಏರಿಳಿತವನ್ನೂ ತೋರಿಸುವ ಕ್ಯಾಂಡಲ್ ಚಾರ್ಟ್ ಇಟ್ಟುಕೊಂಡಿದ್ದ. ಇವತ್ತು ಯಾವ ಆಪ್ ತೆರೆದರೂ ಮೊದಲು ಬರುವುದು ಅದೇ ಅಲ್ವಾ? ಆಗಸ್ಟ್ 16ರ ಕ್ಯಾಂಡಲ್ ವಿಚಿತ್ರವಾಗಿದೆ. ಮೈ ಚಿಕ್ಕದು, ಬಾಲ ಉದ್ದ. ಆ ದಿನ ಇಂಡಸ್ಟ್ರಿಯಲ್ಸ್ ಮಧ್ಯದಲ್ಲಿ 340 ಅಂಶಕ್ಕೂ ಜಾಸ್ತಿ ಬಿದ್ದು, ಸುಮಾರು 12,500 ಮುಟ್ಟಿ, ಕೊನೆಯ ಗಂಟೆಯಲ್ಲಿ ಎದ್ದು ಬರೀ 16 ಅಂಶ ನಷ್ಟದಲ್ಲಿ ಮುಗಿದಿತ್ತು. ಅವನು ಗೆರೆ ಎಳೆದದ್ದು ಆ ಬಾಲದ ತುದಿಗೆ. ಕಣ್ಣಿಗೆ ಕಾಣುವ ತಳ ಅದೇ ತಾನೆ. ಆ ಗೆರೆಯನ್ನು ಕ್ಲೋಸಿಂಗ್ ಮುರಿದದ್ದು 2008ರ ಜನವರಿ ಮಧ್ಯದಲ್ಲಿ. ಸುಮಾರು ಎಂಟು ವಾರ ತಡ.

ಸರಿ, ಕ್ಲೋಸಿಂಗ್ ಮಾತ್ರ ಲೆಕ್ಕ ಅಂದೆ. ಅವನು ಲೈನ್ ಚಾರ್ಟ್‌ಗೆ ಬದಲಿಸಿದ. ಜೊತೆಗೆ, "ಪ್ರೈಮರಿ ಅಂದ್ರೆ ದೊಡ್ಡ ಓಟ ಅಂತ ತಾನೆ, ಹಂಗಾದ್ರೆ ವಾರದ ಚಾರ್ಟೇ ನೋಡೋಣ" ಅಂತ ವೀಕ್ಲಿಗೆ ಹಾಕಿದ. ಈಗ ಇನ್ನೊಂದು ಸಮಸ್ಯೆ. ಆಗಸ್ಟ್ 16 ಗುರುವಾರ. ವಾರದ ಚಾರ್ಟ್ ಶುಕ್ರವಾರದ ಕ್ಲೋಸಿಂಗ್ ಮಾತ್ರ ತಗೊಳ್ಳುತ್ತದೆ. ಆ ಶುಕ್ರವಾರ ಫೆಡ್ ದರ ಇಳಿಸಿದ ದಿನ, ಇಂಡಸ್ಟ್ರಿಯಲ್ಸ್ 233 ಅಂಶ ಏರಿ 13,079.08ಕ್ಕೆ ಮುಗಿದಿತ್ತು. ಅಂದರೆ ವಾರದ ಚಾರ್ಟಿನಲ್ಲಿ ನಿಜವಾದ ತಳ ಮಾಯ. ಅಲ್ಲಿ ಕೋಲು 233 ಅಂಶ ಮೇಲೆ ನೆಟ್ಟಂತಾಯಿತು. ಆ ಕೋಲನ್ನು ನವೆಂಬರ್ 9ರ ಶುಕ್ರವಾರ 13,042.74 ಮುರಿಯಿತು, 36 ಅಂಶದಲ್ಲಿ. ದಿನದ ಚಾರ್ಟಿಗಿಂತ 12 ದಿನ ಮುಂಚೆ.

ಒಂದೇ ಸೂಚ್ಯಂಕ, ಒಂದೇ ನಿಯಮ, ಚಾರ್ಟಿನ ಸೆಟ್ಟಿಂಗ್ ಮಾತ್ರ ಬೇರೆ: ನವೆಂಬರ್ 9, ನವೆಂಬರ್ 21, ಜನವರಿ ಮಧ್ಯ. ವಾರದ ಚಾರ್ಟ್ ಈ ಸಲ ಬೇಗ ಹೇಳಿತು ಅಂತ ಅದು ಉತ್ತಮ ಅಂದುಕೊಳ್ಳಬೇಡಿ. ಆಗಸ್ಟ್ ತಳ ಶುಕ್ರವಾರವೇ ಬಿದ್ದಿದ್ದರೆ ಕಥೆ ಬೇರೆ. ಅದು ಸುಮ್ನೆ ಕ್ಯಾಲೆಂಡರ್ ಆಟ. ಡೌ, ಹ್ಯಾಮಿಲ್ಟನ್, ರಿಯಾ ಎಲ್ಲರೂ ಲೆಕ್ಕ ಹಾಕಿದ್ದು ದಿನದ ಕ್ಲೋಸಿಂಗ್ ಮೇಲೆ. ನಾನು ಅದನ್ನೇ ಹಿಡಿಯುತ್ತೇನೆ. ಮೇಲೆ ಡೈಲಿ ಲೈನ್ ಚಾರ್ಟ್‌ನಲ್ಲಿ ಇಂಡಸ್ಟ್ರಿಯಲ್ಸ್, ಕೆಳಗೆ ಅದೇ ತಾರೀಖಿಗೆ ಸರಿಹೊಂದಿಸಿದ ಟ್ರಾನ್ಸ್‌ಪೋರ್ಟ್ಸ್. ಎರಡನ್ನೂ ಒಂದರ ಮೇಲೊಂದು ಹೇರಿ ನೋಡಬೇಡಿ. ಸ್ಕೇಲ್ ಬೇರೆಯಾಗಿ ಕಣ್ಣಿಗೆ ಮೋಸ ಆಗುತ್ತದೆ. ಎರಡರ ಕೋಲುಗಳೂ ಬೇರೆ ಬೇರೆ, ಹೋಲಿಸಬೇಕಾದದ್ದು ದಾಟಿತಾ ಇಲ್ವಾ ಅನ್ನುವುದನ್ನು ಮಾತ್ರ.

ಹುಡುಕುವಾಗ ಒಂದು ಸಣ್ಣ ಎಚ್ಚರ. ಯಾಹೂ ಫೈನಾನ್ಸ್‌ನಲ್ಲಿ ಇಂಡಸ್ಟ್ರಿಯಲ್ಸ್ `^DJI`, ಟ್ರಾನ್ಸ್‌ಪೋರ್ಟ್ಸ್ `^DJT`. ಮುಂದಿನ ಆ ಚಿಹ್ನೆ ಮರೆತು ಬರೀ `DJT` ಅಂತ ಹೊಡೆದರೆ, 2024ರಿಂದ ಆ ಹೆಸರಲ್ಲಿ ವ್ಯವಹಾರವಾಗುವ ಟ್ರಂಪ್ ಮೀಡಿಯಾ ಷೇರು ತೆರೆದುಕೊಳ್ಳುತ್ತದೆ. ನನಗೂ ಒಮ್ಮೆ ಹಾಗಾಗಿದೆ. ಟ್ರಾನ್ಸ್‌ಪೋರ್ಟ್ಸ್ ಯಾಕೆ ಇಷ್ಟೊಂದು ಕುಣಿಯುತ್ತಿದೆ ಅಂತ ಹತ್ತು ನಿಮಿಷ ತಲೆ ಕೆಡಿಸಿಕೊಂಡಿದ್ದೆ.

ಮಾರಿದ ಮೇಲೆ ಬಂದ ಪರೀಕ್ಷೆ

ನವೆಂಬರ್ 21ರ ಮಾತು ಕೇಳಿ ಮಾರಿದವನಿಗೆ ಏನಾಯಿತು? ಡಿಸೆಂಬರ್ 10ಕ್ಕೆ ಇಂಡಸ್ಟ್ರಿಯಲ್ಸ್ 13,727.03. ಮೂರು ವಾರದೊಳಗೆ 7 ಶೇಕಡಾಕ್ಕೂ ಜಾಸ್ತಿ ಏರಿಕೆ. ಮಾರಿದವನು ಪೆದ್ದನಂತೆ ಕಂಡಿರಬೇಕು. ಅದೇ ಹೊತ್ತಿಗೆ ಮುಂಬೈನಲ್ಲಿ ಸೆನ್ಸೆಕ್ಸ್ ಹೊಸ ಎತ್ತರಕ್ಕೆ ಓಡುತ್ತಿತ್ತು. ಜನವರಿ 8ಕ್ಕೆ 20,873.33, ಆ ಗೂಳಿ ಓಟದ ಅತಿ ಎತ್ತರದ ಕ್ಲೋಸಿಂಗ್. ಅಮೆರಿಕಕ್ಕೆ ಜ್ವರ ಬಂದರೂ ನಮಗೇನೂ ಆಗಲ್ಲ ಅನ್ನುವ ವಾದ ಆಗ ಜೋರಾಗಿತ್ತು. ಎರಡೇ ವಾರದಲ್ಲಿ, ಜನವರಿ 21ರಂದು, ಸೆನ್ಸೆಕ್ಸ್ ಒಂದೇ ದಿನ 1,408 ಅಂಶ ಕಳೆದುಕೊಂಡಿತು. ಮಾರನೇ ದಿನ ಇಂಡಸ್ಟ್ರಿಯಲ್ಸ್ 11,971.19ಕ್ಕೆ ಇಳಿದು ಮುಗಿಯಿತು.

ಇಲ್ಲಿಂದ ಮುಂದಿನದು ಈ ಪ್ರಕರಣದ ನಿಜವಾದ ತಿರುಳು ಅಂತ ನನಗನ್ನಿಸುತ್ತದೆ. ಪಾಠ ಮಾಡುವವರು ನವೆಂಬರ್ ಸಂಕೇತ ತೋರಿಸಿ, ನೇರ 2009ರ ಮಾರ್ಚ್ ತಳಕ್ಕೆ ಹಾರಿಬಿಡುತ್ತಾರೆ. ನಡುವೆ 2008ರ ಬೇಸಿಗೆ ಇದೆ. ಅಲ್ಲಿ ಡೌ ಥಿಯರಿ ಒಳ್ಳೊಳ್ಳೆಯವರನ್ನೇ ಎಡವಿಸಿತು.

ಕ್ರಮವಾಗಿ ನೋಡೋಣ. ಜನವರಿ 22ರ ತಳದಿಂದ ಫೆಬ್ರವರಿ 1ಕ್ಕೆ 12,743.19ರವರೆಗೆ ಏರಿತು. ಮತ್ತೆ ಇಳಿದು ಮಾರ್ಚ್ 10ಕ್ಕೆ 11,740.15. ಇದು ಜನವರಿ ತಳಕ್ಕಿಂತ ಕೆಳಗೆ. ಆದರೆ ಟ್ರಾನ್ಸ್‌ಪೋರ್ಟ್ಸ್ ತನ್ನ ಜನವರಿ ತಳವನ್ನು ಮುರಿಯಲಿಲ್ಲ. ತಾಳೆ ತಪ್ಪಿತು, ಈ ಸಲ ಏರಿಕೆಯ ಕಡೆಗೆ. ಆಮೇಲೆ ಏಪ್ರಿಲ್ 18ಕ್ಕೆ ಇಂಡಸ್ಟ್ರಿಯಲ್ಸ್ 12,849.36ಕ್ಕೆ ಮುಗಿದು ಫೆಬ್ರವರಿ 1ರ ಕೋಲನ್ನು ದಾಟಿತು. ಟ್ರಾನ್ಸ್‌ಪೋರ್ಟ್ಸ್ ಕೂಡ ವಸಂತದುದ್ದಕ್ಕೂ ಏರುತ್ತಲೇ ಇತ್ತು. ಪಠ್ಯದ ಪ್ರಕಾರ ಇದು ಕೊಳ್ಳುವ ಸಂಕೇತ. ಒಂದು ತಳ, ಒಂದು ಏರಿಕೆ, ಒಂದು ಇಳಿಕೆಯಲ್ಲಿ ಒಂದು ಸೂಚ್ಯಂಕ ಹೊಸ ತಳ ಮಾಡದಿರುವುದು, ಆಮೇಲೆ ಎರಡೂ ಹಿಂದಿನ ಎತ್ತರ ದಾಟುವುದು. ಎಲ್ಲ ಇದೆ.

ಇದೆಯಾ ನಿಜವಾಗಿ? ಪ್ರಶ್ನೆ ಇರುವುದು ಫೆಬ್ರವರಿ 1ರ ಎತ್ತರ ಕೋಲು ನೆಡಲು ಯೋಗ್ಯವಾ ಅನ್ನುವುದರಲ್ಲಿ. ಕೋಲು ನೆಡುವುದು ಸೆಕೆಂಡರಿ ಅಲೆಯ ತುದಿಗೆ, ಕಿರುತೆರೆಯ ತುದಿಗೆ ಅಲ್ಲ. ಸೆಕೆಂಡರಿ ಅಂದರೆ ಸಾಮಾನ್ಯವಾಗಿ ಮೂರು ವಾರದಿಂದ ಮೂರು ತಿಂಗಳು ನಡೆಯುವಂಥದ್ದು, ಹಿಂದಿನ ಓಟದ ಮೂರನೇ ಒಂದರಿಂದ ಮೂರನೇ ಎರಡರಷ್ಟು ವಾಪಸ್ ತಗೊಳ್ಳುವಂಥದ್ದು ಅಂತ ರಿಯಾ ಅಳತೆ ಕೊಟ್ಟಿದ್ದಾನೆ. ಅಕ್ಟೋಬರ್ ಎತ್ತರದಿಂದ ಜನವರಿ ತಳಕ್ಕೆ 2,193 ಅಂಶ ಇಳಿದಿತ್ತು. ಫೆಬ್ರವರಿ 1ರವರೆಗಿನ ಏರಿಕೆ 772 ಅಂಶ. ಅಂದರೆ 35 ಶೇಕಡಾ. ಗಾತ್ರದಲ್ಲಿ ಪಾಸ್. ಆದರೆ ತಗೊಂಡ ಸಮಯ? ಎಂಟು ವಹಿವಾಟಿನ ದಿನ. ಮೂರು ವಾರದ ಅರ್ಧ. ಸಮಯದಲ್ಲಿ ಫೇಲ್.

ಗಾತ್ರ ನೋಡಿದವನು ಏಪ್ರಿಲ್‌ನಲ್ಲಿ ಕೊಂಡ. ಸಮಯ ನೋಡಿದವನು ಕೊಳ್ಳಲಿಲ್ಲ. ಅವನ ಪ್ರಕಾರ ಮಾರ್ಚ್ 10ರಿಂದ ಮೇ 2ರ 13,058.20ರವರೆಗಿನ ಏರಿಕೆಯೇ ಮೊದಲ ನಿಜವಾದ ಸೆಕೆಂಡರಿ. ಏಳೂವರೆ ವಾರ, ಇಳಿಕೆಯ 54 ಶೇಕಡಾ ವಾಪಸ್. ಎರಡೂ ಅಳತೆಯಲ್ಲಿ ಪಾಸ್. ಆದ್ದರಿಂದ ಕೋಲು ನೆಡಬೇಕಾದದ್ದು 13,058ಕ್ಕೆ.

ಆ ಕೋಲನ್ನು ಇಂಡಸ್ಟ್ರಿಯಲ್ಸ್ ದಾಟಲೇ ಇಲ್ಲ. ಆದರೆ ಟ್ರಾನ್ಸ್‌ಪೋರ್ಟ್ಸ್ ಏನು ಮಾಡಿತು ನೋಡಿ. 2008ರ ಜೂನ್ 5ಕ್ಕೆ 5,492.95ರಲ್ಲಿ ಮುಗಿಯಿತು. ಅಲ್ಲಿಯವರೆಗಿನ ಇತಿಹಾಸದಲ್ಲೇ ಅತಿ ಎತ್ತರ! ಲೀಮನ್ ಬ್ರದರ್ಸ್ ಮುಳುಗಲು ಇನ್ನು ಮೂರು ತಿಂಗಳು ಇರುವಾಗ. ಆ ಚಾರ್ಟ್ ಒಂದನ್ನೇ ನೋಡಿದವನಿಗೆ ಅಮೆರಿಕದಲ್ಲಿ ಏನೂ ತೊಂದರೆ ಇದ್ದಂತೆ ಕಾಣುವುದಿಲ್ಲ. ಅದನ್ನು ಮೇಲೆ ಹೊತ್ತುಕೊಂಡು ಹೋದದ್ದು ಮುಖ್ಯವಾಗಿ ರೈಲು ಕಂಪನಿಗಳು. ತೈಲ ದುಬಾರಿಯಾದಷ್ಟೂ ಲಾರಿಗಿಂತ ರೈಲೇ ಅಗ್ಗ. ಕಲ್ಲಿದ್ದಲು, ಧಾನ್ಯ ಸಾಗಾಟ ಜೋರಾಗಿತ್ತು. ವಿಮಾನ ಕಂಪನಿಗಳ ಷೇರು ನೆಲ ಕಚ್ಚಿದ್ದರೂ ಲೆಕ್ಕಕ್ಕೆ ಬರಲಿಲ್ಲ. ಯಾಕೆಂದರೆ ಡೌ ಸೂಚ್ಯಂಕಗಳಲ್ಲಿ ತೂಕ ಕಂಪನಿಯ ಗಾತ್ರದ ಮೇಲಲ್ಲ, ಒಂದು ಷೇರಿನ ಬೆಲೆಯ ಮೇಲೆ. ನೂರು ಡಾಲರ್‌ನ ರೈಲು ಷೇರು ಐದು ಡಾಲರ್‌ನ ವಿಮಾನ ಷೇರಿಗಿಂತ ಇಪ್ಪತ್ತು ಪಟ್ಟು ಎಳೆಯುತ್ತದೆ.

ಆ ದಿನ ಇಂಡಸ್ಟ್ರಿಯಲ್ಸ್ ಎಲ್ಲಿತ್ತು? 12,604.45. ಮೇ ಎತ್ತರಕ್ಕಿಂತಲೂ ಕೆಳಗೆ, ಅಕ್ಟೋಬರ್ ಎತ್ತರದ ಮಾತಂತೂ ಬೇಡ. ಮಾರನೇ ದಿನ, ಜೂನ್ 6, ತೈಲ ಒಂದೇ ದಿನ 10 ಡಾಲರ್‌ಗೂ ಜಾಸ್ತಿ ಹಾರಿತು. ಇಂಡಸ್ಟ್ರಿಯಲ್ಸ್ 394 ಅಂಶ ಬಿತ್ತು. ಜೂನ್ 26ಕ್ಕೆ 11,453.42ರಲ್ಲಿ ಮುಗಿದು ಮಾರ್ಚ್ ತಳವನ್ನೂ ಮುರಿಯಿತು. ಎರಡು ಚಾರ್ಟುಗಳ ನಡುವಿನ ಬಿರುಕು ಇಷ್ಟು ದೊಡ್ಡದಾಗಿ ಕಂಡ ಉದಾಹರಣೆ ಕಡಿಮೆ. ಮೊದಲ ಸಲ ಇದನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ಡೇಟಾ ತಪ್ಪಿರಬೇಕು ಅಂದುಕೊಂಡಿದ್ದೆ.

ಏಪ್ರಿಲ್‌ನಲ್ಲಿ ಕೊಂಡವನ ಪಾಡು ಏನು? ಅವನಿಗೆ ಮತ್ತೆ ಮಾರಲು ಟ್ರಾನ್ಸ್‌ಪೋರ್ಟ್ಸ್ ಕೂಡ ತನ್ನ ಹಿಂದಿನ ತಳ ಮುರಿಯಬೇಕು. ಅದು ದಾಖಲೆ ಎತ್ತರದಿಂದ ಇಳಿಯಬೇಕಲ್ಲ, ದಾರಿ ದೂರ. ಅಕ್ಟೋಬರ್‌ನಲ್ಲಿ ಎರಡೂ ಒಟ್ಟಿಗೆ ಜಾರುವ ಹೊತ್ತಿಗೆ ಇಂಡಸ್ಟ್ರಿಯಲ್ಸ್ 10,000ದ ಕೆಳಗಿತ್ತು. ಅಕ್ಟೋಬರ್ 6ರ ಕ್ಲೋಸಿಂಗ್ 9,955.50. ಅಂದರೆ ಸುಮಾರು 22 ಶೇಕಡಾ ನಷ್ಟ. ಖಾತರಿಗಾಗಿ ಕಾಯುವ ನಿಯಮ ನವೆಂಬರ್‌ನಲ್ಲಿ ಅವನನ್ನು ಕಾಪಾಡಿತ್ತು. ಅದೇ ನಿಯಮ ಈಗ ಅವನನ್ನು ಹಿಡಿದು ಕೂರಿಸಿತು.

ಯಾರು ಸರಿ ಅಂತ ಈಗ ಹೇಳುವುದು ಸುಲಭ. ಆಗ ಸುಲಭ ಇರಲಿಲ್ಲ. ಸೆಕೆಂಡರಿಯ ಅಳತೆಯನ್ನು ಸಮಯ, ಗಾತ್ರ ಎರಡರಲ್ಲೂ ಕೇಳಬೇಕು ಅನ್ನುವುದು ನನ್ನ ಪಕ್ಷ. ಆದರೆ ಆ ಪಕ್ಷಕ್ಕೂ ಒಂದು ಬೆಲೆ ಇದೆ. ಅದು 2009ರಲ್ಲಿ ಗೊತ್ತಾಯಿತು.

ವಾಪಸ್ ಒಳಗೆ ಬಂದ ದಿನ

2008ರ ನವೆಂಬರ್ 20ರ ತಳ 7,552.29. ಅದನ್ನು 2009ರ ಫೆಬ್ರವರಿ 19ರಂದು 7,465.95 ಮುರಿಯಿತು. ಟ್ರಾನ್ಸ್‌ಪೋರ್ಟ್ಸ್ ಕೂಡ ಜೊತೆಗಿತ್ತು. ಕರಡಿ ಪೇಟೆ ಮುಂದುವರಿದಿದೆ ಅಂತ ಎಲ್ಲರೂ ಬರೆದರು. ಹದಿನೆಂಟು ದಿನದಲ್ಲಿ, ಮಾರ್ಚ್ 9ಕ್ಕೆ, 6,547.05ರಲ್ಲಿ ತಳ ಬಂತು. ಮುಂದುವರಿದಿದೆ ಅನ್ನುವ ಖಾತರಿ ಬಂದಾಗ ಹೊಸದಾಗಿ ಮಾರಿದವನು ತಳದ ಹತ್ತಿರ ಮಾರಿದಂತಾಯಿತು. ಮೊದಲ ಸಂಕೇತ ಬೇರೆ, ಓಟದ ಕೊನೆಯಲ್ಲಿ ಬರುವ ಮರುಖಾತರಿ ಬೇರೆ. ಚಾರ್ಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ ಅನ್ನುವುದೇ ಕಷ್ಟ.

ಮಾರ್ಚ್ ತಳದಿಂದ ಜೂನ್ 12ಕ್ಕೆ 8,799.26ರವರೆಗೆ ಏರಿ, ಜುಲೈ 10ಕ್ಕೆ 8,146.52ಕ್ಕೆ ಇಳಿಯಿತು. ಈ ಇಳಿಕೆ ಸೆಕೆಂಡರಿಯಾ? ನಾಲ್ಕು ವಾರ, ಸಮಯದಲ್ಲಿ ಪಾಸ್. ಆದರೆ ಏರಿದ್ದು 2,252 ಅಂಶ, ಇಳಿದದ್ದು 653. ಅಂದರೆ 29 ಶೇಕಡಾ. ಮೂರನೇ ಒಂದು ಭಾಗ ಮುಟ್ಟಲಿಲ್ಲ, ಗಾತ್ರದಲ್ಲಿ ಫೇಲ್. ಹಿಂದಿನ ವರ್ಷದ ಫೆಬ್ರವರಿಗೆ ಸರಿಯಾಗಿ ಉಲ್ಟಾ.

ಜುಲೈ 23ರಂದು ಇಂಡಸ್ಟ್ರಿಯಲ್ಸ್ 9,069.29ರಲ್ಲಿ ಮುಗಿದು ಜೂನ್ ಎತ್ತರ ದಾಟಿತು. ಟ್ರಾನ್ಸ್‌ಪೋರ್ಟ್ಸ್ ತನ್ನದನ್ನೂ ದಾಟಿತು. ಡೌ ಥಿಯರಿಯ ಕೊಳ್ಳುವ ಸಂಕೇತ ಅಂತ ಬಹುತೇಕರು ಒಪ್ಪಿದ್ದು ಆ ದಿನವನ್ನೇ. ತಳದಿಂದ ಆಗಲೇ 38 ಶೇಕಡಾ ಮೇಲೆ. ಆದರೂ ನವೆಂಬರ್ 21ಕ್ಕೆ 12,799ರಲ್ಲಿ ಮಾರಿ, ಏಪ್ರಿಲ್ ಬಲೆಗೆ ಬೀಳದೆ, 9,069ರಲ್ಲಿ ವಾಪಸ್ ಬಂದವನಿಗೆ ಅದೇ ಷೇರುಗಳು 29 ಶೇಕಡಾ ಅಗ್ಗದಲ್ಲಿ ಸಿಕ್ಕವು. ಏಪ್ರಿಲ್‌ನಲ್ಲಿ ಕೊಂಡು ಅಕ್ಟೋಬರ್‌ನಲ್ಲಿ ಮಾರಿ ವಾಪಸ್ ಬಂದವನಿಗೆ ಸುಮಾರು 9 ಶೇಕಡಾ ಅಗ್ಗ. ಕಮಿಷನ್, ತೆರಿಗೆ, ಎದೆ ಬಡಿತ ಎಲ್ಲ ಕಳೆದರೆ ಅವನಿಗೆ ಉಳಿದದ್ದು ಬಹಳ ಇಲ್ಲ.

ನನ್ನ ಹಾಗೆ ಸಮಯ, ಗಾತ್ರ ಎರಡನ್ನೂ ಕಟ್ಟುನಿಟ್ಟಾಗಿ ಕೇಳುವವನು ಜುಲೈ 23ನ್ನೂ ಒಪ್ಪಬಾರದು. 29 ಶೇಕಡಾ ಅಂದರೆ 33 ಅಲ್ಲವಲ್ಲ. ಹಾಗೆ ಹಟ ಹಿಡಿದಿದ್ದರೆ ಇನ್ನಷ್ಟು ತಿಂಗಳು ಹೊರಗೇ ಕೂರಬೇಕಿತ್ತು. ಈಗ ನಾನು ಮಾಡಿಕೊಂಡಿರುವ ರಾಜಿ ಏನೆಂದರೆ, ಸಮಯ ಕಡ್ಡಾಯ, ಗಾತ್ರದಲ್ಲಿ ಸ್ವಲ್ಪ ಸಡಿಲ. ಇದಕ್ಕೆ ಗಣಿತದ ಆಧಾರ ಇಲ್ಲ. ಎಂಟು ದಿನದಲ್ಲಿ ಹೆದರಿಕೆಯಿಂದ ಎಷ್ಟು ದೊಡ್ಡ ಜಿಗಿತ ಬೇಕಾದರೂ ಬರಬಹುದು. ನಾಲ್ಕು ವಾರ ಒಂದೇ ದಿಕ್ಕಿಗೆ ನಡೆಯಲು ಮಾತ್ರ ಬೇರೆ ಬೇರೆ ಜನರ ದುಡ್ಡು ಬೇಕು. ಅಷ್ಟೇ ನನ್ನ ತರ್ಕ. ಎರಡೇ ಉದಾಹರಣೆಯಿಂದ ನಿಯಮ ಮಾಡಿದ್ದಾನೆ ಅಂತ ನೀವು ಬೈದರೆ ಒಪ್ಪಿಕೊಳ್ಳುತ್ತೇನೆ.

ಇವತ್ತಿನ ಟ್ರಾನ್ಸ್‌ಪೋರ್ಟ್ಸ್, ನಮ್ಮ ನಿಫ್ಟಿ

2007ರ ಚಾರ್ಟಿನಿಂದ ಇವತ್ತಿನದಕ್ಕೆ ಬರುವಾಗ ಒಂದು ವಿಷಯ ನೋಡಬೇಕು. 2021ರ ನವೆಂಬರ್ 2ರಂದು ಆವಿಸ್ ಅನ್ನುವ ಬಾಡಿಗೆ ಕಾರಿನ ಕಂಪನಿಯ ಷೇರು ಒಂದೇ ದಿನ ದುಪ್ಪಟ್ಟಾಯಿತು. ಅದು ಟ್ರಾನ್ಸ್‌ಪೋರ್ಟ್ಸ್‌ನ 20 ಷೇರುಗಳಲ್ಲಿ ಒಂದು. ಬೆಲೆಯ ತೂಕದ ಸೂಚ್ಯಂಕವಾದ್ದರಿಂದ ಇಡೀ ಚಾರ್ಟಿನಲ್ಲಿ ಒಂದು ಮೊಳೆ ಎದ್ದು ನಿಂತಿತು. ಅದು ಸಾಗಾಟದ ಸುದ್ದಿ ಅಲ್ಲ, ಒಂದು ಷೇರಿನ ಹುಚ್ಚು. ಆ ಮೊಳೆಯ ತುದಿಗೆ ಕೋಲು ನೆಟ್ಟವರು ಆಮೇಲೆ ಇಂಡಸ್ಟ್ರಿಯಲ್ಸ್ 2023ರ ಡಿಸೆಂಬರ್‌ನಲ್ಲಿ ಹೊಸ ದಾಖಲೆ ಮಾಡಿದಾಗ, 2024ರ ಮೇನಲ್ಲಿ 40,000 ಮುಟ್ಟಿದಾಗ, ತಾಳೆಯಾಗಿಲ್ಲ ತಾಳೆಯಾಗಿಲ್ಲ ಅಂತ ಹೇಳುತ್ತಲೇ ಇದ್ದರು. ಮಾತು ನಿಜ. ಆದರೆ ಮಾರುವ ಸಂಕೇತ ಅದರಿಂದ ಹುಟ್ಟುವುದಿಲ್ಲ. ಒಂದು ಎತ್ತರಕ್ಕೆ ಗೆರೆ ಎಳೆಯುವ ಮೊದಲು ಆ ದಿನ ಎಷ್ಟು ಷೇರು ಸೇರಿ ಅದನ್ನು ಮಾಡಿದವು ಅಂತ ನೋಡುವುದು ಎರಡು ನಿಮಿಷದ ಕೆಲಸ.

ನಿಫ್ಟಿಗೆ ಇದನ್ನು ಹೇಗೆ ಹಾಕುವುದು ಅಂತ ಕೇಳುವವರು ಜಾಸ್ತಿ. ಜೋಡಿ ಯಾವುದು ಅನ್ನುವುದೇ ತೊಂದರೆ. ಕೆಲವರು ನಿಫ್ಟಿ ಜೊತೆ ಬ್ಯಾಂಕ್ ನಿಫ್ಟಿ ಇಡುತ್ತಾರೆ. ಅದು ಕನ್ನಡಿ ಮುಂದೆ ನಿಂತು ಸಾಕ್ಷಿ ಕೇಳಿದ ಹಾಗೆ. ನಿಫ್ಟಿಯ ಒಳಗೇ ಬ್ಯಾಂಕುಗಳ ತೂಕ ಅಷ್ಟೊಂದಿದೆ, ಎರಡೂ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಬೀಳುತ್ತವೆ. ಮಿಡ್‌ಕ್ಯಾಪ್ ಸೂಚ್ಯಂಕ ಇಟ್ಟರೆ ಷೇರುಗಳಾದರೂ ಬೇರೆ, ಆದರೆ ಕಾರ್ಖಾನೆ ಮತ್ತು ಸಾಗಾಟದ ಮೂಲ ತರ್ಕ ಉಳಿಯುವುದಿಲ್ಲ. ಎನ್‌ಎಸ್‌ಇಯಲ್ಲಿ ಸಾರಿಗೆ ಮತ್ತು ಲಾಜಿಸ್ಟಿಕ್ಸ್‌ನದೇ ಸೂಚ್ಯಂಕ ಇದೆ. ಆದರೆ ಅದರೊಳಗೆ ಕಾರು, ಬೈಕು ಮಾಡುವ ಕಂಪನಿಗಳೂ ಇವೆ. ಅವು ಸಾಮಾನು ಸಾಗಿಸುವವರಲ್ಲ, ಮಾಡುವವರು. ನಮ್ಮಲ್ಲಿ ಸರಕು ಹೊರುವ ರೈಲು ಸರ್ಕಾರದ ಇಲಾಖೆ, ಅದರ ಷೇರು ಪೇಟೆಯಲ್ಲೇ ಇಲ್ಲ. ಡೌಗೆ ಸಿಕ್ಕ ಸಾಕ್ಷಿ ನಮಗೆ ಸಿಗದಿರುವುದು ಇಲ್ಲೇ.

ತಂಗಿ ಮಗ ಮೊನ್ನೆ ಮತ್ತೆ ಬಂದಿದ್ದ. ಈ ಸಲ ಪೇಪರ್ ಅಡ್ಡ ಇಡಲಿಲ್ಲ, ಆಪ್‌ನಲ್ಲೇ ರೀಪ್ಲೇ ಬಟನ್ ಇದೆ ಅಂತ ತೋರಿಸಿದ. ಡೈಲಿ, ಲೈನ್, ಕ್ಲೋಸಿಂಗ್, ಎರಡು ಚಾರ್ಟು ಮೇಲೆ ಕೆಳಗೆ. 2008ರ ಏಪ್ರಿಲ್ 18ಕ್ಕೆ ನಿಲ್ಲಿಸಿ, ಫೆಬ್ರವರಿ 1ರ ಎತ್ತರದ ಮೇಲೆ ಬೆರಳಿಟ್ಟ.

"ಇದನ್ನ ಲೆಕ್ಕಕ್ಕೆ ತಗೋಬೇಕಾ ಬೇಡ್ವಾ, ಮಾಮ?"

"ದಿನ ಎಣಿಸು," ಅಂದೆ.

ಜನವರಿ 22ರಿಂದ ಒಂದೊಂದೇ ದಿನ ಎಣಿಸಿದ. ಎಂಟಕ್ಕೆ ನಿಂತ. ಗೆರೆ ಅಳಿಸಿ, ರೀಪ್ಲೇ ಮುಂದಕ್ಕೆ ಒತ್ತಿದ.